36 ಇಂಚು ಪನ್ನದ ಖಾದಿ: ಫುಲ್ ತೋಳಿನ ಶರ್ಟ್‌ಗೆ ಎಷ್ಟು ಮೀಟರ್ ತಗೊಳ್ಳಲಿ?

ಹೊಸಸೂಜಿ

ಎಲ್ಲರಿಗೂ ನಮಸ್ಕಾರ. ಹೊಲಿಗೆ ಕಲಿಯುತ್ತಿದ್ದೇನೆ. ಬ್ಲೌಸ್, ಚೂಡಿ ಟಾಪ್ ಎಲ್ಲ ಕೈಗೆ ಬಂದಿದೆ. ಈಗ ಅಪ್ಪನಿಗೆ ಖಾದಿಯಲ್ಲಿ ಒಂದು ಫುಲ್ ತೋಳಿನ ಶರ್ಟ್ ಹೊಲಿಯಬೇಕು ಅಂತ ಆಸೆ.

ಖಾದಿ ಭಂಡಾರದಲ್ಲಿ ಇಷ್ಟವಾದ ಬಟ್ಟೆ 36 ಇಂಚು ಪನ್ನದ್ದು. ಪಕ್ಕದ ಅಂಗಡಿಯಲ್ಲಿ 44 ಮತ್ತು 58 ಇಂಚಿನ ಕಾಟನ್ ಕೂಡ ನೋಡಿದೆ. 58ಕ್ಕೆ ಎಲ್ಲರೂ "ಒಂದು ಅರವತ್ತು ಸಾಕು" ಅಂತಾರೆ. 36ಕ್ಕೆ ಮಾತ್ರ ಒಬ್ಬರು ಎರಡು ಮೀಟರ್, ಇನ್ನೊಬ್ಬರು ಎರಡೂವರೆ, ನಮ್ಮ ಅತ್ತೆ ಮೂರು ಅಂತಾರೆ. ಯಾರ ಮಾತು ಸರಿ? ಬೇರೆಯವರು ಹೇಳಿದ ಸಂಖ್ಯೆಗಿಂತ ಲೆಕ್ಕ ಹಾಕೋದು ಹೇಗೆ ಅಂತ ಗೊತ್ತಾದರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಅಪ್ಪನ ಅಳತೆ: ಎದೆ 40, ಶರ್ಟ್ ಉದ್ದ 29, ಭುಜ 18, ತೋಳು ಕಫ್ ಸೇರಿ 24½. ಎಲ್ಲ ಇಂಚಿನಲ್ಲಿ. ಬಟ್ಟೆ ಸಾದಾ, ಗೆರೆ ಚೌಕಳಿ ಇಲ್ಲ.

ಲೆಕ್ಕದಮೇಷ್ಟ್ರು

ಇದು ಸುಲಭ. 58 ಇಂಚಿಗೆ 1.60 ಮೀಟರ್ ಬೇಕು ಅಂತ ಗೊತ್ತಿದೆ. ಪನ್ನ ಕಡಿಮೆ ಆದಷ್ಟು ಉದ್ದ ಅದೇ ಪ್ರಮಾಣದಲ್ಲಿ ಜಾಸ್ತಿ ಆಗಬೇಕು. 1.60 × 58 ÷ 36 ಮಾಡಿ. 2.58 ಬರುತ್ತದೆ. ಎರಡೂವರೆಗಿಂತ ಸ್ವಲ್ಪ ಜಾಸ್ತಿ. 44ಕ್ಕೆ ಇದೇ ಲೆಕ್ಕದಲ್ಲಿ 2.11. ಯಾವ ಪನ್ನ ಬಂದರೂ ಈ ಒಂದು ಸೂತ್ರ ಸಾಕು.

ಮಲ್ಲಿಗೆಮೊಗ್ಗು

36 ಪನ್ನದ್ದಾದರೆ 80 ಸೆಂಟಿ ಸಾಕಲ್ವಾ? ನಾನು ಯಾವಾಗಲೂ 80 ಸೆಂಟಿಯೇ ತರೋದು. ಮೊಣಕೈವರೆಗೆ ತೋಳು ಬೇಕಂದರೆ ಒಂದು ಮೀಟರ್.

ಹೊಸಸೂಜಿ

ಅಕ್ಕಾ, ಅದು ಬ್ಲೌಸ್‌ಗೆ. ನಾನು ಕೇಳಿದ್ದು ಗಂಡಸರ ಶರ್ಟ್ ಬಗ್ಗೆ 🙂

ಕತ್ತರಿಮಾಸ್ಟರ್

ಮೂವತ್ತು ವರ್ಷದಿಂದ ಕಟಿಂಗ್ ಮಾಡುತ್ತಿದ್ದೇನೆ ತಂಗಿ. ಮೇಷ್ಟ್ರು ಹೇಳಿದ ಪ್ರಮಾಣದ ಲೆಕ್ಕ ಅಂದಾಜಿಗೆ ಆಗುತ್ತದೆ, ನಂಬಿ ಕೊಳ್ಳೋಕೆ ಆಗೋದಿಲ್ಲ. ಕತ್ತರಿಸೋದು ಇಡೀ ತುಂಡುಗಳನ್ನು. ಒಂದು ತುಂಡು ಅಡ್ಡಕ್ಕೆ ಕೂತರೆ ಕೂತಿತು. ಅರ್ಧ ಇಂಚು ಕಡಿಮೆ ಬಿದ್ದರೂ ಅದು ಕೆಳಗಿನ ಸಾಲಿಗೆ ಹೋಗುತ್ತದೆ. ಆಗ ಬಟ್ಟೆ ಒಂದೇ ಸಲ ಒಂದು ತೋಳಿನಷ್ಟು ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಲೆಕ್ಕ ಹಾಕಬೇಕಾದ್ದು ಎಷ್ಟು ಸಾಲು ಬರುತ್ತದೆ ಅಂತ.

ನಿಮ್ಮ ಅಪ್ಪನ ಅಳತೆಯಲ್ಲೇ ಹೇಳುತ್ತೇನೆ. ಎದೆ 40ಕ್ಕೆ ಲೂಸ್ 5 ಸೇರಿಸಿದರೆ 45. ಅದರಲ್ಲಿ ಅರ್ಧ ಬೆನ್ನಿಗೆ, 22½. ಎರಡೂ ಪಕ್ಕ ಹೊಲಿಗೆಗೆ ಬಿಟ್ಟರೆ ಬೆನ್ನಿನ ತುಂಡು 24 ಇಂಚು ಅಗಲ. ಮುಂಭಾಗ ಎರಡು ತುಂಡು. ಗುಂಡಿಪಟ್ಟಿ ಮಡಿಸೋಕೆ, ಹೊಲಿಗೆಗೆ ಎಲ್ಲ ಸೇರಿ ಒಂದು 14, ಇನ್ನೊಂದು 13½. ಇವುಗಳ ಉದ್ದ ಕೆಳಮಡಿಕೆ, ಭುಜದ ಹೊಲಿಗೆ ಸೇರಿ 31. ತೋಳು ಕಫ್ ಬಿಟ್ಟು 23 ಉದ್ದ, ಕಂಕುಳ ಹತ್ತಿರ 19 ಅಗಲ, ಕೆಳಗೆ 12.

ಮೊದಲು 58 ನೋಡಿ. ಅಂಚು ಬಿಟ್ಟರೆ ಕೈಗೆ ಸಿಗೋದು 57. ಬೆನ್ನು, ಎರಡು ಮುಂಭಾಗ ಸೇರಿ 51½. ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಕೆಳಗಿನ ಸಾಲಿನಲ್ಲಿ ಎರಡು ತೋಳು, ಪಕ್ಕದಲ್ಲಿ ಉಳಿದ 19 ಇಂಚಿನಲ್ಲಿ ಭುಜದ ಪಟ್ಟಿ, ಕಾಲರ್. ಕಫ್, ಜೇಬು ಅಲ್ಲಿ ಇಲ್ಲಿ ಉಳಿದ ಜಾಗದಲ್ಲಿ. ಒಟ್ಟು 31 + 23 = 54 ಇಂಚು, ಅಂದರೆ 1.37 ಮೀಟರ್. ಅಂಗಡಿಯವರು 1.60 ಅನ್ನೋದು ಬಟ್ಟೆ ಕುಗ್ಗೋದು, ಓರೆ ಕತ್ತರಿಸಿದ್ದು, ಉದ್ದ ಮನುಷ್ಯ, ಎಲ್ಲಕ್ಕೂ ಸೇರಿಸಿ.

ಈಗ 44. ಸಿಗೋದು 43. ಬೆನ್ನು ಮತ್ತು ಒಂದು ಮುಂಭಾಗ 38, ಅಷ್ಟೇ. ಇನ್ನೊಂದು ಮುಂಭಾಗ ಕೆಳಗಿನ ಸಾಲಿಗೆ, ಅದರ ಪಕ್ಕ ಒಂದು ತೋಳು. ಎರಡನೇ ತೋಳಿಗೆ ಜಾಗ ಇಲ್ಲ, ಅದು ಮೂರನೇ ಸಾಲು. 31 + 31 + 23 = 85 ಇಂಚು. ಅಂದರೆ 2.16 ಮೀಟರ್.

36ಕ್ಕೆ ಬನ್ನಿ. ಸಿಗೋದು 35. ಬೆನ್ನು ಒಂದೇ ಒಂದು ಸಾಲು, ಪಕ್ಕ 11 ಇಂಚಿನ ಪಟ್ಟಿ ಉಳಿಯುತ್ತದೆ. ಎರಡು ಮುಂಭಾಗ ಸೇರಿ 27½, ಅದು ಎರಡನೇ ಸಾಲು. ಮೂರನೇ ಸಾಲಿನಲ್ಲಿ ಎರಡು ತೋಳು. 19 + 19 ಅಂದರೆ 38, ಹಿಡಿಸೋದಿಲ್ಲ ಅನ್ನಿಸುತ್ತದೆ. ಆದರೆ ಒಂದನ್ನು ನೇರ, ಇನ್ನೊಂದನ್ನು ತಲೆಕೆಳಗಾಗಿ ಇಡಿ. ಒಂದರ ಸಣ್ಣ ತುದಿ ಇನ್ನೊಂದರ ದಪ್ಪ ತುದಿಯ ಪಕ್ಕ ಬರುತ್ತದೆ. ಆಗ 34½ ಸಾಕು. ಕೂರುತ್ತದೆ! ಒಟ್ಟು ಮತ್ತೆ 31 + 31 + 23 = 85. ಭುಜದ ಪಟ್ಟಿ 11 ಇಂಚಿನ ಪಟ್ಟಿಯಲ್ಲಿ ಉದ್ದಕ್ಕೆ, ಕಾಲರ್ ಮುಂಭಾಗದ ಪಕ್ಕ.

ನೋಡಿ, 44ಕ್ಕೂ 36ಕ್ಕೂ ಬೇಕಾದ ಉದ್ದ ಒಂದೇ. ಸಾಲು ಮೂರೇ ಇರುವಾಗ ಪನ್ನ ಜಾಸ್ತಿ ಆದರೂ ಉದ್ದ ಉಳಿಯೋದಿಲ್ಲ.

ಲೆಕ್ಕದಮೇಷ್ಟ್ರು

ಮಾಸ್ಟ್ರೇ, ನನ್ನ ಸೂತ್ರದಲ್ಲಿ 36ಕ್ಕೆ 2.58 ಬಂತು. ನಿಮ್ಮದರಲ್ಲಿ 2.16. ನನ್ನದು ತಗೊಂಡರೆ ಬಟ್ಟೆ ಸಾಲದೇ ಹೋಗೋದಿಲ್ಲವಲ್ಲ? ಸ್ವಲ್ಪ ಉಳಿದರೆ ನಷ್ಟ ಏನು?

ಕತ್ತರಿಮಾಸ್ಟರ್

36ಕ್ಕೆ ಸಾಲದೇ ಹೋಗೋದಿಲ್ಲ, ಒಪ್ಪಿದೆ. 44ಕ್ಕೆ ನೋಡಿ. ನಿಮ್ಮ ಸೂತ್ರ 2.11 ಅಂತ ಹೇಳುತ್ತದೆ. ಬೇಕಾದದ್ದು 2.16. ಅಂಗಡಿಯವರ 1.60ರಲ್ಲಿ ಒಂದು ಗೇಣು ಜಾಸ್ತಿ ಸೇರಿಸಿಕೊಂಡೇ ಶುರು ಮಾಡಿದಿರಿ. ಆದರೂ 5 ಸೆಂಟಿ ಸಾಲಲಿಲ್ಲ. ಜಾಸ್ತಿ ಸೇರಿಸದ 1.37ರಿಂದ ಶುರು ಮಾಡಿದರೆ 1.81 ಬರುತ್ತದೆ. ಅಷ್ಟು ತಂದರೆ ಒಂದು ತೋಳು ಬರೋದೇ ಇಲ್ಲ.

ಪ್ರಮಾಣದ ಲೆಕ್ಕ ಬಟ್ಟೆಯನ್ನು ಹಿಟ್ಟಿನ ಹಾಗೆ ನೋಡುತ್ತದೆ, ಎಲ್ಲಿ ಬೇಕಾದರೂ ಸೇರಿಸಬಹುದು ಅಂತ. ಒಂದು ಪನ್ನಕ್ಕೆ ಜಾಸ್ತಿ ತೋರಿಸುತ್ತದೆ, ಇನ್ನೊಂದಕ್ಕೆ ಕಡಿಮೆ. ಯಾವಾಗ ಯಾವುದು ಅಂತ ಸೂತ್ರ ನೋಡಿ ಗೊತ್ತಾಗೋದಿಲ್ಲ. ಅದೇ ತೊಂದರೆ.

ಲೆಕ್ಕದಮೇಷ್ಟ್ರು

44ರ ವಿಷಯ ಒಪ್ಪಿದೆ. ಆದರೂ ಅಂಗಡಿಯಲ್ಲಿ ನಿಂತಾಗ ತಕ್ಷಣಕ್ಕೆ ಒಂದು ಅಂದಾಜು ಬೇಕಾದರೆ, ನನ್ನ ಸೂತ್ರಕ್ಕೆ ಕಾಲು ಮೀಟರ್ ಸೇರಿಸಿಕೊಂಡರೆ ಆಯಿತು ಅಂತ ನನ್ನ ಅಭಿಪ್ರಾಯ.

ದೊಡ್ಡಸೈಜ್

ನನ್ನದೊಂದು ಪ್ರಶ್ನೆ. ಮದುವೆಯಲ್ಲಿ ಕೊಟ್ಟ ಪ್ಯಾಂಟ್ ಶರ್ಟ್ ಪೀಸ್ ಮನೆಯಲ್ಲಿದೆ. ಶರ್ಟ್ ಪೀಸ್ 1.60, ಪನ್ನ 58. ನನ್ನ ಎದೆ 46. ಟೈಲರ್ ಹತ್ತಿರ ಹೋದರೆ "ಫುಲ್ ತೋಳು ಆಗಲ್ಲ, ಅರ್ಧ ತೋಳು ಮಾಡ್ತೀನಿ" ಅಂದರು. ನನ್ನ ತಮ್ಮನಿಗೆ ಎದೆ 44, ಅವನಿಗೆ ಅಷ್ಟೇ ಬಟ್ಟೆಯಲ್ಲಿ ಫುಲ್ ತೋಳು ಮಾಡಿಕೊಟ್ಟರು. ಎರಡು ಇಂಚಿಗೆ ಇಷ್ಟು ವ್ಯತ್ಯಾಸ ಆಗುತ್ತದಾ?

ಕತ್ತರಿಮಾಸ್ಟರ್

ಆಗುತ್ತದೆ ಸರ್. ಟೈಲರ್ ಹೇಳಿದ್ದರಲ್ಲಿ ನ್ಯಾಯ ಇದೆ. ಎದೆ 44ಕ್ಕೆ ಬೆನ್ನು 26, ಮುಂಭಾಗ 15 ಮತ್ತು 14½. ಒಟ್ಟು 55½. 57ರಲ್ಲಿ ಕೂರುತ್ತದೆ. ಎದೆ 46ಕ್ಕೆ 27, 15½, 15. ಒಟ್ಟು 57½. ಅರ್ಧ ಇಂಚು ಮೀರಿತು! ಒಂದು ಮುಂಭಾಗ ಕೆಳಗಿನ ಸಾಲಿಗೆ ಇಳಿಯುತ್ತದೆ, ತೋಳಿನ ಜೊತೆ. ಮುಂಭಾಗದ ಉದ್ದ 32 ಹಿಡಿದರೂ ಎರಡು ಸಾಲು 64 ಇಂಚು, ಅಂದರೆ 1.63.

ನಿಮ್ಮ 1.60ರಲ್ಲಿ 3 ಸೆಂಟಿ ಕಡಿಮೆ. ಲೂಸ್ ಒಂದಿಂಚು ಕಡಿಮೆ ಮಾಡಿಸಿಕೊಳ್ಳೋಕೆ ಒಪ್ಪಿದರೆ ಮತ್ತೆ ಒಂದೇ ಸಾಲಿನಲ್ಲಿ ತರಬಹುದು, ಆದರೆ ಹೊಟ್ಟೆ ಹತ್ತಿರ ಬಿಗಿ ಆಗುತ್ತದೆ. ನಿಮ್ಮ ಅಳತೆಯವರು ಹೊಸದಾಗಿ ಕೊಳ್ಳೋದಾದರೆ 1.80 ತಗೊಳ್ಳಿ.

ದೊಡ್ಡಸೈಜ್

ಸರಿ ಮಾಸ್ಟ್ರೇ. ಕಾಲರ್ ಒಳಗಡೆ ಬೇರೆ ಬಟ್ಟೆ ಹಾಕಿ ಉಳಿಸಬಹುದಾ ಅಂತ ಕೇಳಬೇಕಿತ್ತು.

ಕತ್ತರಿಮಾಸ್ಟರ್

ನಿಮ್ಮ ಕೇಸಲ್ಲಿ ಉಪಯೋಗ ಇಲ್ಲ. ಸಾಲು ನಿರ್ಧಾರ ಮಾಡೋದು ದೊಡ್ಡ ತುಂಡುಗಳು. ಕಾಲರ್, ಕಫ್, ಜೇಬು ಹೇಗೂ ಉಳಿದ ಸಂದಿಯಲ್ಲೇ ಬರುತ್ತವೆ.

ಖಣದಂಗಿ

ನಾವು ಬಾಗಲಕೋಟೆ ಕಡೆಯವರು. ಗುಳೇದಗುಡ್ಡ ಖಣದ ಬಟ್ಟೆಯಲ್ಲಿ ಗಂಡಸರ ಅಂಗಿ ಹೊಲಿಸೋದು ಈಗ ಚಾಲ್ತಿಗೆ ಬಂದಿದೆ. ನಾನು ತಂದ ಬಟ್ಟೆ ಟೇಪು ಹಿಡಿದು ನೋಡಿದರೆ 31 ಇಂಚು. ಅದರಲ್ಲಿ ಪಕ್ಕದ ಅಂಚು ಬೇರೆ ಬಣ್ಣ. ನಮ್ಮ ಅಳತೆಯೂ ಹೆಚ್ಚುಕಮ್ಮಿ ಇವರ ಅಪ್ಪನದೇ. 31ಕ್ಕೆ ಎಷ್ಟು?

ಕತ್ತರಿಮಾಸ್ಟರ್

ಬೆನ್ನು ಒಂದು ಸಾಲು, ಮುಂಭಾಗ ಎರಡೂ ಸೇರಿ 27½ ಆದ್ದರಿಂದ ಅದೂ ಒಂದು ಸಾಲು. ತೋಳು ತಲೆಕೆಳಗಾಗಿ ಇಟ್ಟರೂ 34½ ಬೇಕು, ಹಿಡಿಸೋದಿಲ್ಲ. ಅಂದರೆ ಒಂದೊಂದು ತೋಳಿಗೆ ಒಂದೊಂದು ಸಾಲು. 31 + 31 + 23 + 23 = 108 ಇಂಚು, 2.74 ಮೀಟರ್. ಮೂರು ಮೀಟರ್ ತಗೊಳ್ಳಿ.

ಇನ್ನೊಂದು ಮಾತು, ಇದು ಹೊಸಸೂಜಿಗೂ ಬೇಕಾಗುತ್ತದೆ. ಖಣದಲ್ಲಿ ನೇಯ್ದ ಬುಟ್ಟಾ ಒಂದೇ ದಿಕ್ಕಿಗೆ ನಿಂತಿದ್ದರೆ ತೋಳನ್ನು ತಲೆಕೆಳಗಾಗಿ ಇಡೋ ಹಾಗೇ ಇಲ್ಲ. ಇಟ್ಟರೆ ಒಂದು ತೋಳಲ್ಲಿ ಹೂವು ಮೇಲೆ, ಇನ್ನೊಂದರಲ್ಲಿ ಕೆಳಗೆ ನೋಡುತ್ತದೆ. 36 ಪನ್ನದ ಪ್ರಿಂಟ್ ಬಟ್ಟೆಗೂ ಇದೇ. ಅಲ್ಲೂ ತೋಳಿಗೆ ಎರಡು ಸಾಲು ಬೇಕು, 2.16 ಹೋಗಿ 2.74 ಆಗುತ್ತದೆ. ಸಾದಾ ಬಟ್ಟೆ ಅಂದಿದ್ದಕ್ಕೆ ನಿಮಗೆ ಮೂರು ಸಾಲಿನ ಲೆಕ್ಕ ಕೊಟ್ಟೆ.

ಖಣದಂಗಿ

ಅಂಚು ಒಂದು ಕಡೆ ಗುಂಡಿಪಟ್ಟಿಗೆ ಬರಬೇಕು ಅಂತ ನಮ್ಮವರ ಹಟ. ಎರಡು ಮುಂಭಾಗಕ್ಕೂ ಅಂಚು ತರೋದಾದರೆ?

ಕತ್ತರಿಮಾಸ್ಟರ್

ಎರಡೂ ಪಕ್ಕ ಅಂಚು ಇದ್ದರೆ ಒಂದೇ ಸಾಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬರುತ್ತದೆ. ಒಂದೇ ಪಕ್ಕ ಇದ್ದರೆ ಲೆಕ್ಕ ಬೇರೆ. ಬಟ್ಟೆ ಕೈಯಲ್ಲಿ ಹಿಡಿದು ನೋಡದೆ ಹೇಳೋದು ಕಷ್ಟ.

ಗಜಮೀಟರ್

ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಶರ್ಟಿನ ಪೇಪರ್ ಪ್ಯಾಟರ್ನ್ ಕವರ್ ಮೇಲೆ 45 ಇಂಚು, 60 ಇಂಚು ಅಂತ ಎರಡು ಪನ್ನಕ್ಕೂ ಎಷ್ಟು ಬೇಕು ಅಂತ ಪಟ್ಟಿ ಇರುತ್ತದೆ. ಅದು ಗಜದಲ್ಲಿ. ಗಜ ಅಂದರೆ 36 ಇಂಚು, ಮೀಟರ್ ಅಂದರೆ 39 ಇಂಚಿಗಿಂತ ಜಾಸ್ತಿ. ಆನ್‌ಲೈನ್‌ನಲ್ಲಿ "ಎರಡೂವರೆ" ಅಂತ ಓದಿ ಊರಲ್ಲಿ ಎರಡೂವರೆ ಮೀಟರ್ ತಂದರೆ ಜಾಸ್ತಿ ಆಗುತ್ತದೆ. ಎರಡೂವರೆ ಗಜ ಅಂದರೆ 2.29 ಮೀಟರ್ ಅಷ್ಟೇ.

ನೂಲುಹುಂಜಿ

ಖಾದಿ ಬಗ್ಗೆ ಯಾರೂ ಮುಖ್ಯ ವಿಷಯ ಹೇಳಲೇ ಇಲ್ಲ. ನಮ್ಮ ಮನೆಯಲ್ಲಿ ವರ್ಷಗಳಿಂದ ಖಾದಿಯೇ ಉಡೋದು. ಒಗೆಯದ ಖಾದಿ ನೀರಿಗೆ ಬಿದ್ದ ಮೇಲೆ ಕುಗ್ಗುತ್ತದೆ. ಉದ್ದದಲ್ಲಿ ನೂರಕ್ಕೆ ಮೂರರಿಂದ ಐದು ಇಟ್ಟುಕೊಳ್ಳಿ. ಪನ್ನವೂ ಕುಗ್ಗುತ್ತದೆ. ಎರಡೂಕಾಲು ಮೀಟರ್ ತಂದು ಐದರಷ್ಟು ಕುಗ್ಗಿದರೆ ಕೈಯಲ್ಲಿ ಉಳಿಯೋದು 2.14. ಮಾಸ್ಟರ್ ಹೇಳಿದ 2.16 ಆಗ ಎಲ್ಲಿಂದ ಬರಬೇಕು?

ಇನ್ನೊಂದು, ಅಂಗಡಿಯಲ್ಲಿ ಕತ್ತರಿಸಿದ ತುದಿ ನೇರ ಇರೋದಿಲ್ಲ. ಒಂದು ಅಡ್ಡ ನೂಲು ಎಳೆದು ನೋಡಿ, ಎಷ್ಟು ಓರೆ ಇದೆ ಅಂತ ಗೊತ್ತಾಗುತ್ತದೆ. ಎರಡು ತುದಿಯಲ್ಲೂ ಸೇರಿ ಒಂದೆರಡು ಇಂಚು ಅದಕ್ಕೇ ಹೋಗುತ್ತದೆ.

ಕತ್ತರಿಮಾಸ್ಟರ್

ಸರಿಯಾದ ಮಾತು. ನಾನು ಕೊಟ್ಟದ್ದು ಕತ್ತರಿ ಹಾಕುವಾಗ ಮೇಜಿನ ಮೇಲೆ ಇರಬೇಕಾದ ಬಟ್ಟೆ. ಒಗೆಯದ ಖಾದಿಗೆ ನಾನಾದರೆ 2.40 ಹೇಳುತ್ತೇನೆ. ಐದರಷ್ಟು ಕುಗ್ಗಿದರೂ 2.28 ಉಳಿಯುತ್ತದೆ.

ನೂಲುಹುಂಜಿ

2.40 ನನಗೆ ಬಿಗಿ ಅನ್ನಿಸುತ್ತದೆ. ಎರಡೂವರೆ ತಗೊಳ್ಳಿ. ಪನ್ನ ಕುಗ್ಗಿದರೆ ಆ 10 ಸೆಂಟಿಯೇ ಕಾಪಾಡೋದು.

ಹೊಸಸೂಜಿ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮಾಸ್ಟ್ರೇ, ಅಂಗಡಿಗೆ ಹೋಗೋ ಮುಂಚೆ ಮನೆಯಲ್ಲೇ ಇದನ್ನು ಪರೀಕ್ಷೆ ಮಾಡೋ ದಾರಿ ಇದೆಯಾ? ತೋಳು ತಲೆಕೆಳಗಾಗಿ ಕೂರೋದು ಕಣ್ಣಲ್ಲಿ ನೋಡಬೇಕು ಅನ್ನಿಸುತ್ತಿದೆ.

ಕತ್ತರಿಮಾಸ್ಟರ್

ಇದೆ. ಹಳೇ ಪೇಪರ್ ಅಂಟಿಸಿ ಬೆನ್ನು, ಎರಡು ಮುಂಭಾಗ, ಎರಡು ತೋಳು, ಭುಜದ ಪಟ್ಟಿ ಎರಡು ಕತ್ತರಿಸಿಕೊಳ್ಳಿ. ಹೊಲಿಗೆಗೆ ಬಿಡೋದೂ ಸೇರಿರಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ 35 ಇಂಚು ಅಂತರದಲ್ಲಿ ಎರಡು ಉದ್ದ ಗೆರೆ ಎಳೆಯಿರಿ. ಅದೇ ನಿಮ್ಮ ಬಟ್ಟೆ. ಗೆರೆ ದಾಟದ ಹಾಗೆ ತುಂಡುಗಳನ್ನು ಜೋಡಿಸಿ. ಬೆನ್ನಿನ ನಡು ಗೆರೆ, ತೋಳಿನ ನಡು ಗೆರೆ ಬಟ್ಟೆಯ ಉದ್ದಕ್ಕೇ ಇರಬೇಕು. ಜಾಗ ಉಳಿಸೋಕೆ ಓರೆ ತಿರುಗಿಸಬೇಡಿ, ತೋಳು ಒಗೆದ ಮೇಲೆ ತಿರುಚಿಕೊಳ್ಳುತ್ತದೆ. ಕೊನೇ ತುಂಡಿನ ಕೆಳಗಿನವರೆಗೆ ಟೇಪು ಹಿಡಿದರೆ ನಿಮ್ಮ ಉತ್ತರ ಬಂತು. ಆಮೇಲೆ ಎರಡು ಗೆರೆಯನ್ನು 43ಕ್ಕೆ ಸರಿಸಿ ಇನ್ನೊಮ್ಮೆ ಜೋಡಿಸಿ ನೋಡಿ.

ಅಂಗಡಿಯಲ್ಲಿ ಪನ್ನ ನೀವೇ ಅಳೆಯಿರಿ. ಅಂಚಿನ ಒಳಗಿಂದ ಒಳಗೆ. ಬೋರ್ಡಿನ ಮೇಲಿನ 36 ನಂಬಿ ಹೊರಡಬೇಡಿ.

ಹೊಸಸೂಜಿ

ಬಟ್ಟೆ ತಂದೆ! ಅಂಚಿನ ಒಳಗೆ ಸರಿಯಾಗಿ 35 ಇತ್ತು. ಎರಡೂವರೆ ಮೀಟರ್ ತಗೊಂಡೆ. ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಅಳೆದೆ. ಉದ್ದ 2.41, ಪನ್ನ 34. ನೂಲುಹುಂಜಿ ಅವರು ಹೇಳಿದ ಹಾಗೇ ಪನ್ನ ಒಂದಿಂಚು ಹೋಗಿದೆ. ಈಗ ತೋಳಿಗೆ 34½ ಬೇಕಲ್ಲ. ಅರ್ಧ ಇಂಚು ಕಡಿಮೆ. ಕಂಕುಳ ಹತ್ತಿರ ಜೋಡು ಕೊಡಬೇಕಾ?

ಕತ್ತರಿಮಾಸ್ಟರ್

ಜೋಡು ಬೇಡ. ಇರುವ ಉದ್ದ ಉಪಯೋಗಿಸಿ. 2.41 ಅಂದರೆ 95 ಇಂಚು. ಮೂರು ಸಾಲಿಗೆ 85 ಸಾಕು, 10 ಇಂಚು ಕೈಯಲ್ಲಿದೆ. ಎರಡನೇ ತೋಳನ್ನು ಮೊದಲನೆಯದಕ್ಕಿಂತ 4 ಇಂಚು ಕೆಳಕ್ಕೆ ಜಾರಿಸಿ. ತೋಳಿನ ಪಕ್ಕ ಓರೆ ಇದೆಯಲ್ಲ, ಜಾರಿಸಿದಷ್ಟೂ ಎರಡೂ ಹತ್ತಿರ ಬರುತ್ತವೆ. 4 ಇಂಚು ಜಾರಿಸಿದರೆ ಅಡ್ಡಕ್ಕೆ ಮುಕ್ಕಾಲು ಇಂಚು ಉಳಿಯುತ್ತದೆ. 33¾ರಲ್ಲಿ ಕೂರುತ್ತದೆ. ಆ ಸಾಲು 27 ಇಂಚು ಆಗುತ್ತದೆ, ಒಟ್ಟು 89. ಆದರೂ 6 ಇಂಚು ಉಳಿಯಿತು, ಕಫ್ ಅಲ್ಲಿ ಕತ್ತರಿಸಿ.

ಪೇಪರ್ ತುಂಡು ಇದ್ದರೆ ಈಗಲೇ ಬಟ್ಟೆ ಮೇಲಿಟ್ಟು ಜಾರಿಸಿ ನೋಡಿ.

ಹೊಸಸೂಜಿ

ಇಟ್ಟು ನೋಡಿದೆ ಮಾಸ್ಟ್ರೇ, ಕೂತಿತು! ಎರಡೂ ಪಕ್ಕ ದಾರದಷ್ಟು ಜಾಗ ಉಳಿದಿದೆ. 2.40 ತಂದಿದ್ದರೂ ಆಗುತ್ತಿತ್ತೇನೋ.

ಕತ್ತರಿಮಾಸ್ಟರ್

2.40 ಕುಗ್ಗಿ ಸುಮಾರು 2.31 ಆಗುತ್ತಿತ್ತು. ಅಂದರೆ 91 ಇಂಚು. ತೋಳು ಬರುತ್ತಿತ್ತು, ಆದರೆ ಕಫ್‌ಗೆ ಸಂದಿ ಹುಡುಕಬೇಕಿತ್ತು.

ನೂಲುಹುಂಜಿ

ಕತ್ತರಿ ಹಾಕೋ ಮುಂಚೆ ಇನ್ನೊಂದು ಸಲ ಒಗೆಯಿರಿ ಅಂತ ನನ್ನ ಸಲಹೆ. ಮೊದಲ ಒಗೆತದಲ್ಲಿ ಎಲ್ಲ ಕುಗ್ಗಿ ಮುಗಿಯೋದಿಲ್ಲ. ಎರಡನೇ ಸಲವೂ ಸ್ವಲ್ಪ ಹೋಗುತ್ತದೆ.

ಕತ್ತರಿಮಾಸ್ಟರ್

ಒಂದು ಸಲ ಚೆನ್ನಾಗಿ ನೆನೆಸಿದ್ದರೆ ಸಾಕು ಅನ್ನೋದು ನನ್ನ ಅನುಭವ. ಪೂರ್ತಿ ಒಣಗೋ ಮುಂಚೆ ಎಳೆದು ಇಸ್ತ್ರಿ ಮಾಡಿದ್ದರೆ ಮಾತ್ರ ಅಳತೆ ಸುಳ್ಳು ತೋರಿಸುತ್ತದೆ. ಎಳೆದು ಮಾಡಿದಿರಾ?

ಹೊಸಸೂಜಿ

ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿದೆ. ಎಳೆದಿಲ್ಲ ಅಂದುಕೊಂಡಿದ್ದೇನೆ. ಹಾಗಾದರೆ ಇನ್ನೊಂದು ಸಲ ನೆನೆಸಿ, ಪೂರ್ತಿ ಒಣಗಿದ ಮೇಲೆ ಅಳೆದು ಇಲ್ಲೇ ಹಾಕುತ್ತೇನೆ.